ಸ್ಥಳ ಬದಲಾಗಿದೆ, ಇನ್ನೊಮ್ಮೆ ಹೂಂ ಅನ್ನಿ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಈ ಐದು ತಾಲೂಕುಗಳಲ್ಲಿ ಆಷಾಢ ಮುಗಿದು ಶ್ರಾವಣ ಹಿಡಿಯುವ ಹೊತ್ತಿಗೆ ದೂರವನ್ನು ಕಿಲೋಮೀಟರಿನಲ್ಲಿ ಕೇಳುವವರು ಯಾರೂ ಉಳಿಯುವುದಿಲ್ಲ. ‘ಎಷ್ಟು ದೂರ ಆಗತೈತ್ರಿ’ ಅನ್ನುವುದು ಬೇಸಿಗೆಯ ಪ್ರಶ್ನೆ. ಮಳೆಗಾಲದ ಪ್ರಶ್ನೆ ‘ಪುಲ್ ಚಾಲೂ ಐತೇನ್ರಿ’ ಎಂಬುದು. ಬೆಳಿಗ್ಗೆ ಪತ್ರಿಕೆ ತೆರೆದರೆ ಮಹಾರಾಷ್ಟ್ರದ ರಾಜಾಪುರ ಬ್ಯಾರೇಜಿನಿಂದ ಇಷ್ಟು ಕ್ಯುಸೆಕ್, ದೂಧಗಂಗೆಯಿಂದ ಇಷ್ಟು ಕ್ಯುಸೆಕ್, ಎರಡೂ ಕೂಡಿ ಕಲ್ಲೋಳದ ಹತ್ತಿರ ಕೃಷ್ಣೆಗೆ ಇಷ್ಟು ಎಂಬ ಕೂಡಿಸುವ ಲೆಕ್ಕ ಇರುತ್ತದೆ. ನಮ್ಮಲ್ಲಿ ಶಾಲೆಗೆ ಹೋಗದ ಅಜ್ಜನೂ ಆ ಲೆಕ್ಕ ಬಲ್ಲ. ಮೊತ್ತ ಇಷ್ಟಾದರೆ ಕಲ್ಲೋಳ–ಯಡೂರ ಮುಳುಗಿತು, ಇನ್ನಷ್ಟಾದರೆ ಮಲಿಕವಾಡ–ದತ್ತವಾಡ, ಕಾರದಗಾ–ಭೋಜ, ಅಕ್ಕೋಳ–ಸಿದ್ನಾಳ, ಜತ್ರಾಟ–ಭಿವಶಿ, ಹೀಗೆ ಒಂದೊಂದೇ ಹೆಸರು ನೀರಿಗಿಳಿಯುತ್ತದೆ. ಇವೆಲ್ಲ ತಗ್ಗಿನ ಸೇತುವೆಗಳು. ಬೇಸಿಗೆಯಲ್ಲಿ ನೀರು ತಡೆಯುವುದು, ಮೇಲೆ ಗಾಡಿ ದಾಟಿಸುವುದು ಎಂಬ ಎರಡು ಕೆಲಸ ಮಾಡಿ ಮಳೆಗಾಲದಲ್ಲಿ ರಜೆ ಹಾಕುತ್ತವೆ.

ಇಂಥ ಸೀಮೆಯಲ್ಲಿ ಶ್ರಾವಣದ ಒಂದು ರವಿವಾರ ಕಥೆ ಓದುವ ಕೂಟ ಇಟ್ಟುಕೊಂಡವರ ಧೈರ್ಯವನ್ನು ಮೆಚ್ಚಬೇಕು. ನಾವು ಇಟ್ಟುಕೊಂಡಿದ್ದೆವು. ಐದೂ ತಾಲೂಕಿನ ನಿವೃತ್ತ ಮಾಸ್ತರರು, ಬ್ಯಾಂಕಿನವರು, ಒಬ್ಬಿಬ್ಬರು ತಂಬಾಕಿನ ವ್ಯಾಪಾರಿಗಳು, ಪುಣೆ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತ ಅವರ ಮಕ್ಕಳು, ಎಲ್ಲ ಸೇರಿ ಪಟ್ಟಿಯಲ್ಲಿ 118 ಹೆಸರು. ಕಾಗವಾಡ ತಾಲೂಕಿನ ನದಿ ದಂಡೆಯ ಒಂದು ಊರಲ್ಲಿ ಮಂಗಲ ಕಾರ್ಯಾಲಯ ಗೊತ್ತು ಮಾಡಿ, ಕಾರ್ಡು ಮಾಡಿಸಿ, ಎಲ್ಲರಿಗೂ ಕಳಿಸಿ, ಬರುವವರ ಒಪ್ಪಿಗೆಯನ್ನೂ ಪಡೆದಾಗಿತ್ತು. ಅಷ್ಟರಲ್ಲಿ ಘಟ್ಟದ ಮೇಲೆ ಮಳೆ ಹಿಡಿಯಿತು. ನದಿ ಏರಿತು. ತಗ್ಗಿನ ಓಣಿಯ ಜನರನ್ನೂ ಅವರ ಎಮ್ಮೆ ಆಕಳುಗಳನ್ನೂ ಸ್ಥಳಾಂತರಿಸಲು ತಾಲೂಕು ಆಡಳಿತ ಆ ಕಾರ್ಯಾಲಯವನ್ನು ಕಾಳಜಿ ಕೇಂದ್ರ ಮಾಡಿತು. ಮಾಡಬೇಕಾದದ್ದೇ. ಕೂಟವನ್ನು ಚಿಕ್ಕೋಡಿಗೆ ಒಯ್ಯುವುದೆಂದು ಸೋಮವಾರ ರಾತ್ರಿ ಫೋನಿನಲ್ಲೇ ಠರಾವಾಯಿತು. ‘ನೀವು ಪತ್ರ ಚಲೋ ಬರೀತೀರಿ, ಮೇಲ್ ನಿಮ್ಮ ಕಡೀಂದನ ಹೋಗಲಿ’ ಎಂದರು. ನಮ್ಮ ಕಡೆ ಈ ಮಾತು ಹೊಗಳಿಕೆಯಲ್ಲ, ಹೊರೆ ಹೊರಿಸುವ ಒಂದು ನಯ.

ನಮ್ಮ ಅಧ್ಯಕ್ಷರು ತಾವೇ ಒಂದು ಕರಡು ಮಾಡಿ ಕಳಿಸಿದ್ದರು. ಹಿರಿಯರು, ಅಕ್ಷರವಂತರು. ವರುಣನ ಕೃಪೆಯಿಂದ ಶುರುವಾಗಿ, ಕೃಷ್ಣಾ ಮಾಯಿಯ ಮಹಿಮೆ ದಾಟಿ, ಸಾಹಿತ್ಯಕ್ಕೂ ನೀರಿಗೂ ಇರುವ ಸಂಬಂಧದಲ್ಲಿ ಸ್ವಲ್ಪ ಹೊತ್ತು ಈಜಿ, ಐದನೇ ಪರಿಚ್ಛೇದದ ಕೊನೆಯಲ್ಲಿ ‘ಆದ ಕಾರಣ ಸ್ಥಳವನ್ನು ಬದಲಿಸಲಾಗಿದೆ’ ಎಂದು ದಡ ಸೇರಿತ್ತು. ಓದಲು ಚಂದ. ಆದರೆ ಮೊಬೈಲಿಗೆ ಮೇಲ್ ಬಂದಾಗ ಕಾಣುವುದು ವಿಷಯದ ಸಾಲಿನ ಮೊದಲ ನಾಲ್ಕೈದು ಪದ, ಕೆಳಗೆ ಪತ್ರದ ಮೊದಲ ಒಂದು ಸಾಲು, ಅಷ್ಟೇ. ಪುಣೆಯಲ್ಲಿ ಮೀಟಿಂಗಿನಲ್ಲಿ ಕೂತವನ ಕಣ್ಣಿಗೆ ‘ವರುಣನ ಕೃಪೆಯಿಂದ’ ಎಂದು ಬಿದ್ದರೆ ಅವನು ಅದನ್ನು ರಾತ್ರಿಗಿಡುತ್ತಾನೆ, ರಾತ್ರಿ ಮರೆಯುತ್ತಾನೆ, ರವಿವಾರ ಬೆಳಿಗ್ಗೆ ಮಿರಜ ದಾಟಿ ನೀರು ನೋಡುತ್ತಾ ನಿಲ್ಲುತ್ತಾನೆ. ಹಾಗಾಗಿ ವಿಷಯದ ಸಾಲು ಹೀಗಾಯಿತು: ‘ಸ್ಥಳ ಬದಲು: ರವಿವಾರದ ಕಥಾಕೂಟ ಚಿಕ್ಕೋಡಿಯಲ್ಲಿ. ಗುರುವಾರದೊಳಗೆ ಉತ್ತರಿಸಿ.’ ಅಧ್ಯಕ್ಷರಿಗೆ ಇದು ತಾರಿನ ಭಾಷೆ ಅನಿಸಿತು. ತಂತಿ ಬಂದರೆ ಜನ ಓದುತ್ತಿದ್ದರಲ್ಲ ಸರ್ ಎಂದೆ. ನಕ್ಕು ಬಿಟ್ಟುಕೊಟ್ಟರು. ಅವರ ಕೃಷ್ಣಾ ಮಾಯಿ ಸ್ವಾಗತ ಭಾಷಣಕ್ಕೆ ಹೋದಳು.

ಹೊಸ ಸ್ಥಳ ಹೇಳುವುದು ಕಷ್ಟದ ಕೆಲಸವಲ್ಲ. ಹಳೆಯ ಸ್ಥಳವನ್ನು ಜನರ ತಲೆಯಿಂದ ತೆಗೆಯುವುದು ಕಷ್ಟ. ‘ಕೂಟ ಚಿಕ್ಕೋಡಿಯಲ್ಲಿ ನಡೆಯಲಿದೆ’ ಎಂದಷ್ಟೇ ಬರೆದರೆ ಅರ್ಧ ಜನ ಇದು ಇನ್ನೊಂದು ಕೂಟ ಅಂದುಕೊಳ್ಳುತ್ತಾರೆ. ಅದಕ್ಕೆ ಮೊದಲ ಸಾಲಿನಲ್ಲೇ ಬದಲಾಗಿದ್ದು ಯಾವುದು, ಬದಲಾಗದ್ದು ಯಾವುದು ಎರಡನ್ನೂ ಹೇಳಬೇಕು. ದಿನ ಅದೇ, ಹೊತ್ತು ಅದೇ, ಊಟ ಅದೇ, ಸ್ಥಳ ಮಾತ್ರ ಬೇರೆ. ಅದರ ಬೆನ್ನಿಗೇ ಹಳೆಯ ಊರಿನ ಹೆಸರು ಹಿಡಿದು ‘ಅಲ್ಲಿಗೆ ಹೋಗಬೇಡಿ, ಅಲ್ಲಿ ಈಗ ಸಂತ್ರಸ್ತರು ಇದ್ದಾರೆ’ ಎಂದು ಬರೆದೆವು. ಕಾರಣ ಒಂದೇ ಸಾಲು. ಕಾರಣ ಗೊತ್ತಾದವನು ವಾದ ಮಾಡುವುದಿಲ್ಲ. ಕಾರಣ ಉದ್ದವಾದರೆ ಮಾತ್ರ ವಾದ ಶುರುವಾಗುತ್ತದೆ.

ಹಳೆಯ ಸ್ಥಳ ಇನ್ನೂ ಎರಡು ಕಡೆ ಅಡಗಿ ಕೂತಿರುತ್ತದೆ. ಒಂದು, ವಾಟ್ಸಾಪಿನಲ್ಲಿ ಓಡಾಡುವ ಕಾರ್ಡಿನ ಚಿತ್ರ. ಪತ್ರವನ್ನು ತಿದ್ದಿ ಮತ್ತೆ ಕಳಿಸಬಹುದು, ಚಿತ್ರವನ್ನು ಒಮ್ಮೆ ಕೈಬಿಟ್ಟರೆ ಮುಗಿಯಿತು. ಯಾರೋ ಭಾವನಿಗೆ, ಭಾವ ಬೀಗರಿಗೆ, ಬೀಗರು ಇನ್ನೊಂದು ಬಳಗಕ್ಕೆ ದಾಟಿಸಿ ಅದು ಒಂದು ವಾರದ ನಂತರ ನಮಗೇ ‘ಬರ್ರಿ ನೀವೂ’ ಎಂದು ತಿರುಗಿ ಬರುತ್ತದೆ. ಅದೇ ಬಣ್ಣದ, ಅದೇ ಹೂವಿನ ಅಂಚಿನ ಹೊಸ ಕಾರ್ಡು ಮಾಡಿದರೆ ಎರಡಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ನಾವು ಹಳೆಯ ಚಿತ್ರದ ಮೇಲೆಯೇ ಅಡ್ಡಲಾಗಿ ‘ರದ್ದು’ ಎಂದು ಕೆಂಪಿನಲ್ಲಿ ಬರೆಸಿ ಅದನ್ನೇ ಮೊದಲು ಹರಿಬಿಟ್ಟೆವು. ಹೊಸದನ್ನು ಹಳದಿ ಬಣ್ಣದಲ್ಲಿ, ಕೆಳಗೆ ‘ಮಂಗಳವಾರ ಬೆಳಿಗ್ಗೆ ಹೊರಡಿಸಿದ್ದು’ ಎಂಬ ಸಾಲಿನೊಂದಿಗೆ ಕಳಿಸಿದೆವು.

ಎರಡನೆಯದು ಮೊಬೈಲಿನ ಕ್ಯಾಲೆಂಡರು. ಹೊಸ ತಲೆಮಾರಿನವರಿಗೆ ಕ್ಯಾಲೆಂಡರಿನ ಆಮಂತ್ರಣವನ್ನೂ ಕಳಿಸಿದ್ದೆವು. ಸ್ಥಳ ಬದಲಾದಾಗ ಹೊಸದಾಗಿ ಇನ್ನೊಂದು ಆಮಂತ್ರಣ ಸೃಷ್ಟಿಸಿದರೆ ಹಳೆಯದು ಹಾಗೇ ಉಳಿದು ರವಿವಾರ ಬೆಳಿಗ್ಗೆ ಗಂಟೆ ಬಾರಿಸಿ ಹಳೆಯ ಊರಿನ ನಕ್ಷೆಯನ್ನೇ ತೋರಿಸುತ್ತದೆ. ಮೊದಲಿನದನ್ನೇ ತೆರೆದು ಸ್ಥಳದ ಸಾಲನ್ನು ತಿದ್ದಿ, ಎಲ್ಲರಿಗೂ ತಿಳಿಸು ಎಂಬುದನ್ನು ಒತ್ತಬೇಕು. ಪ್ರತಿ ಆಮಂತ್ರಣಕ್ಕೂ ಒಳಗೊಳಗೆ ಒಂದು ಗುರುತಿನ ಸಂಖ್ಯೆ ಇರುತ್ತದೆ. ಸಂಖ್ಯೆ ಅದೇ ಇದ್ದರೆ ಎಲ್ಲರ ಮೊಬೈಲಿನಲ್ಲೂ ಹಳೆಯದು ಹೋಗಿ ಹೊಸದು ಕೂರುತ್ತದೆ. ಯಾರೂ ಏನನ್ನೂ ಅಳಿಸಬೇಕಿಲ್ಲ.

ಇನ್ನು ದಾರಿ. ಮಾಮೂಲಿ ಪತ್ರಗಳಲ್ಲಿ ದಾರಿಯನ್ನು ತಲುಪುವ ಕಡೆಯಿಂದ ಬರೆಯುತ್ತಾರೆ: ಬಸ್‌ಸ್ಟ್ಯಾಂಡಿನಿಂದ ಎಡಕ್ಕೆ, ಬ್ಯಾಂಕಿನ ಹಿಂದೆ, ಇತ್ಯಾದಿ. ಚಿಕ್ಕೋಡಿ ಊರೊಳಗೆ ಬಂದವನಿಗೆ ಚಹದಂಗಡಿಯವನೂ ದಾರಿ ಹೇಳಬಲ್ಲ. ಊರೊಳಗೆ ಬರುವುದೇ ಸಮಸ್ಯೆ. ಕೃಷ್ಣೆ ಈ ಸೀಮೆಯನ್ನು ಎರಡು ಪಾಲು ಮಾಡಿದ್ದಾಳೆ. ಕಾಗವಾಡ, ಅಥಣಿ ಆಚೆ. ರಾಯಬಾಗ, ಚಿಕ್ಕೋಡಿ ಪೇಟೆ ಈಚೆ. ನಿಪ್ಪಾಣಿ ಕಡೆಗೆ ಹೋದರೆ ದೂಧಗಂಗಾ, ವೇದಗಂಗಾ ಎಂಬ ಇನ್ನಿಬ್ಬರು. ಅಂದಮೇಲೆ ಎಲ್ಲರಿಗೂ ಒಂದೇ ದಾರಿ ಎಲ್ಲಿಯದು? ಪತ್ರದಲ್ಲಿ ದಾರಿಯನ್ನು ಹೊರಡುವ ಊರಿನಿಂದ ಬರೆದೆವು. ಓದುವವನು ತನ್ನ ಊರಿನ ಹೆಸರು ಹುಡುಕಿ ಆ ಎರಡು ಸಾಲು ಓದಿದರೆ ಸಾಕು, ಉಳಿದವರ ದಾರಿ ಅವನಿಗೆ ಬೇಡ.

ಕಾಗವಾಡ, ಶೇಡಬಾಳ, ಉಗಾರದವರಿಗೆ ಹೀಗೆ ಬರೆದೆವು: ‘ಮಿರಜ–ಚಿಕ್ಕೋಡಿ ರಸ್ತೆ ಹಿಡಿದು ಮಾಂಜರಿ, ಅಂಕಲಿ ಮೇಲೆ ಬನ್ನಿ. ಯಡೂರಿನಿಂದ ಕಲ್ಲೋಳಕ್ಕೆ ದಾಟುವ ಒಳದಾರಿಗೆ ಹೋಗಬೇಡಿ, ನಕ್ಷೆ ಅದನ್ನು ತೋರಿಸಿದರೂ ಹೋಗಬೇಡಿ. ಉಗಾರದಿಂದ ಕುಡಚಿಗೆ ದಾಟುವ ಯೋಚನೆ ಇದ್ದರೆ ಮೊದಲು ಫೋನು ಮಾಡಿ.’ ನಕ್ಷೆಯ ಮಾತು ಬೇಕೆಂದೇ ಸೇರಿಸಿದ್ದು. ಮೊಬೈಲಿನ ನಕ್ಷೆಗೆ ತಗ್ಗಿನ ಸೇತುವೆಯೂ ಸೇತುವೆಯೇ. ಮುಳುಗಿದೆ ಎಂದು ಯಾರಾದರೂ ತಿಳಿಸುವವರೆಗೆ ಅದು ಹತ್ತಿರದ ದಾರಿಯೆಂದು ಅದನ್ನೇ ನೀಲಿ ಗೆರೆಯಲ್ಲಿ ತೋರಿಸುತ್ತಿರುತ್ತದೆ. ಊರಿನವನು ಆ ಗೆರೆ ನೋಡಿ ನಗುತ್ತಾನೆ, ಬೆಂಗಳೂರಿನಿಂದ ಬಂದ ಅವನ ಅಳಿಯ ನಂಬುತ್ತಾನೆ.

ಅಥಣಿಯವರಿಗೆ ಎರಡು ದಾರಿ. ಕಾಗವಾಡದ ಮೇಲಿಂದ ಬಂದು ಮಾಂಜರಿ ಹಿಡಿಯುವುದು ಒಂದು. ದರೂರ ಸೇತುವೆ ದಾಟಿ ಹಾರೂಗೇರಿ ಕ್ರಾಸಿಗೆ ಬಂದು, ಅಲ್ಲಿಂದ ರಾಯಬಾಗ ಮೇಲೆ ಚಿಕ್ಕೋಡಿ ಸೇರುವುದು ಇನ್ನೊಂದು. ಅಥಣಿಯವರ ನಡುವೆ ಯಾವ ದಾರಿ ಚಲೋ ಎಂಬ ಬಗ್ಗೆ ಒಮ್ಮತ ಇಲ್ಲ, ಆಗುವ ಲಕ್ಷಣವೂ ಇಲ್ಲ. ನಾವು ದರೂರ ಅಂತ ಬರೆದೆವು. ಎರಡೂ ಬರೆದರೆ ಆಯ್ಕೆ ಅವರ ತಲೆಗೆ ಬೀಳುತ್ತದೆ, ರವಿವಾರ ಬೆಳಿಗ್ಗೆ ಕಾರಿನಲ್ಲಿ ಆ ಚರ್ಚೆ ಶುರುವಾದರೆ ಹನ್ನೊಂದರ ಮೊದಲು ಅಥಣಿ ಬಿಡುವುದಿಲ್ಲ.

ನಿಪ್ಪಾಣಿಯವರಿಗೆ ಇಪ್ಪತ್ತೈದು ಕಿಲೋಮೀಟರ್ ಆಸುಪಾಸಿನ ನೇರ ರಸ್ತೆ, ಹೇಳುವುದೇನೂ ಇಲ್ಲ. ಕೊಲ್ಹಾಪುರದಿಂದ ಬರುವವರಿಗೆ ಮಾತ್ರ ಹೆದ್ದಾರಿಯ ಬಗ್ಗೆ ಒಂದು ಸಾಲು ಬೇಕಾಯಿತು. 2019ರ ಆಗಸ್ಟ್‌ನಲ್ಲೂ 2021ರ ಜುಲೈನಲ್ಲೂ ವೇದಗಂಗೆ ಉಕ್ಕಿ ನಿಪ್ಪಾಣಿ ಹತ್ತಿರದ ಯಮಗರ್ಣಿಯಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯೇ ಬಂದಾಗಿತ್ತು. ಸಾಲುಗಟ್ಟಿ ನಿಂತ ಲಾರಿಗಳನ್ನು ಕಂಡವರು ಇನ್ನೂ ಅದರ ಕತೆ ಹೇಳುತ್ತಾರೆ. ಹಾಗೆಂದು ಪತ್ರದಲ್ಲಿ ಹೆದರಿಸಲಿಲ್ಲ. ‘ಶನಿವಾರ ರಾತ್ರಿಯ ಮೇಲ್ ನೋಡಿ ಹೊರಡಿ’ ಎಂದೆವು.

ನಿಪ್ಪಾಣಿಯ ಮಾತು ಬಂದಾಗ ಒಂದು ಸಣ್ಣ ಅಡ್ಡಮಾತು. ನಿಪ್ಪಾಣಿಯ ದೇವಚಂದ ಕಾಲೇಜು ಗೊತ್ತಿಲ್ಲದವರು ಈ ಕಡೆ ಇಲ್ಲ. ಆದರೆ ಅದರ ವಿಳಾಸ ಅರ್ಜುನನಗರ, ತಾಲೂಕು ಕಾಗಲ, ಜಿಲ್ಲೆ ಕೊಲ್ಹಾಪುರ. ಅಂದರೆ ಮಹಾರಾಷ್ಟ್ರ. ಊರಿನವರಿಗೆ ನಡೆದು ಹೋಗುವ ಕಾಲೇಜು, ವಿಳಾಸ ಓದಿದವರಿಗೆ ಬೇರೆ ರಾಜ್ಯ. ರೈಲಿನವರದೂ ಇದೇ ಆಟ. ಮಿರಜ–ಬೆಳಗಾವಿ ಮಾರ್ಗದಲ್ಲಿ ಚಿಕ್ಕೋಡಿ ರೋಡ್ ಎಂಬ ಸ್ಟೇಷನ್ ಇದೆ. ಬೆಂಗಳೂರಿನವರು ಕಂಡೊಡನೆ ಅದಕ್ಕೇ ಟಿಕೆಟ್ ತೆಗೆಯುತ್ತಾರೆ. ಇಳಿದ ಮೇಲೆ ಗೊತ್ತಾಗುತ್ತದೆ, ಚಿಕ್ಕೋಡಿ ಹತ್ತಾರು ಕಿಲೋಮೀಟರ್ ಆಚೆ. ಬ್ರಿಟಿಷರ ಕಾಲದಿಂದಲೂ ಸ್ಟೇಷನ್ನಿನ ಹೆಸರಿನಲ್ಲಿ ‘ರೋಡ್’ ಇದ್ದರೆ ಊರು ಅಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಅಲ್ಲಿದೆ ಎಂದು ತಿಳಿಯಬೇಕು. ಮಳೆಯಲ್ಲಿ ಆ ಸ್ಟೇಷನ್ನಿನಲ್ಲಿ ಚೀಲ ಹಿಡಿದು ನಿಂತವರಿಗೆ ಈ ಜ್ಞಾನ ತಡವಾಗಿ ಬರುತ್ತದೆ. ಅದಕ್ಕೆ ರೈಲಿನವರಿಗೆ ಬೇರೆಯೇ ಸಾಲು ಬರೆದೆವು: ಯಾವ ರೈಲು ಎಂದು ಉತ್ತರದಲ್ಲಿ ತಿಳಿಸಿ, ಸ್ಟೇಷನ್ನಿಗೆ ಗಾಡಿ ಕಳಿಸುತ್ತೇವೆ. ಉಗಾರದ ಬಗ್ಗೆಯೂ ಎಚ್ಚರ ಬೇಕಾಯಿತು, ಏಕೆಂದರೆ ಉಗಾರ ಖುರ್ದ ಒಂದು, ಉಗಾರ ಬುದ್ರುಕ ಇನ್ನೊಂದು. ‘ಉಗಾರದವರ ಕಾರಿನಲ್ಲಿ ಬರ್ರಿ’ ಎಂದು ಬರೆಯುವಾಗ ಯಾವ ಉಗಾರ ಎಂದು ಬರೆಯದಿದ್ದರೆ ಒಬ್ಬರು ಒಂದು ಊರಲ್ಲಿ, ಕಾರು ಇನ್ನೊಂದು ಊರಲ್ಲಿ ಕಾಯುವಂತಾಗುತ್ತದೆ.

ನಕ್ಷೆಯ ಕೊಂಡಿಯನ್ನೂ ಹಾಕಬೇಕಿತ್ತು. ಕಾರ್ಯಾಲಯದ ಹೆಸರು ಹುಡುಕಿ ಅಂದರೆ ಅದೇ ದೇವರ ಹೆಸರಿನ ಕಾರ್ಯಾಲಯ ಪ್ರತಿ ತಾಲೂಕಿಗೊಂದು ಸಿಗುತ್ತದೆ. ಹೆಸರಿನ ಬದಲು ಬಾಗಿಲ ಮುಂದೆ ನಿಂತು ಅಕ್ಷಾಂಶ ರೇಖಾಂಶ ತೆಗೆದುಕೊಂಡು ಅದನ್ನೇ ಕೊಂಡಿ ಮಾಡಿದೆವು. ಚಿಕ್ಕೋಡಿ ಸುಮಾರು 16.43, 74.59 ಆಸುಪಾಸಿನಲ್ಲಿದೆ. ದಶಮಾಂಶದ ನಂತರ ಎರಡೇ ಅಂಕಿ ಬರೆದರೆ ಒಂದು ಕಿಲೋಮೀಟರಿನಷ್ಟು ಆಚೀಚೆ ಆಗಬಹುದು. ನಾಲ್ಕು ಅಂಕಿ ಬರೆದರೆ ಹತ್ತು ಹನ್ನೊಂದು ಮೀಟರಿನೊಳಗೆ ಬಂದು ನಿಲ್ಲುತ್ತದೆ, ಅಷ್ಟು ಸಾಕು. ಎರಡು ಸಂಖ್ಯೆಗಳನ್ನು ಹಿಂದುಮುಂದು ಬರೆದರೆ ಮಾತ್ರ ಅತಿಥಿಗಳು ನಾರ್ವೆಗಿಂತಲೂ ಉತ್ತರಕ್ಕೆ, ಕರಡಿ ದ್ವೀಪದ ಹತ್ತಿರದ ಹಿಮಸಮುದ್ರಕ್ಕೆ ಹೋಗಿ ಬೀಳುತ್ತಾರೆ. ನಮ್ಮ ಕಡೆಯ ಪೂರವೇ ವಾಸಿ. ಕಳಿಸುವ ಮೊದಲು ಆ ಊರು ಕಾಣದ ಒಬ್ಬ ಹುಡುಗನ ಕೈಯಲ್ಲಿ ಕೊಂಡಿ ತೆರೆಸಿ, ಮೋಟರ್ ಸೈಕಲಿನ ಮೇಲೆ ಬಸ್‌ಸ್ಟ್ಯಾಂಡಿನಿಂದ ಹೊರಡಿಸಿ ನೋಡಿದೆವು. ಬಾಗಿಲಿಗೇ ಬಂದ.

ಇದೆಲ್ಲದರ ಕೆಳಗೆ ಒಂದು ಸಾಲು: ‘ಈ ದಾರಿಗಳು ಮಂಗಳವಾರ ಬೆಳಿಗ್ಗೆ 8 ಗಂಟೆಯ ಸ್ಥಿತಿ. ಶನಿವಾರ ರಾತ್ರಿ 8ಕ್ಕೆ ಮತ್ತೊಮ್ಮೆ ಬರೆಯುತ್ತೇವೆ.’ ಮಳೆಗಾಲದ ದಾರಿಗೆ ಹಾಲಿನ ಹಾಗೆ ಮುಗಿಯುವ ಹೊತ್ತು ಇದೆ. ಹೊತ್ತು ನಮೂದಿಸದ ದಾರಿಯನ್ನು ನಂಬಿಕೊಂಡು ಬಂದವನು ಮುಳುಗಿದ ಸೇತುವೆಯ ಮುಂದೆ ನಿಂತು ನಮ್ಮನ್ನು ಬಯ್ದರೆ ತಪ್ಪು ಅವನದಲ್ಲ.

ಗಾಡಿ ನಿಲ್ಲಿಸುವ ವಿಷಯಕ್ಕೆ ಎಲ್ಲರೂ ಒಂದೇ ಸಾಲು ಬರೆಯುತ್ತಾರೆ: ‘ಪಾರ್ಕಿಂಗ್ ವ್ಯವಸ್ಥೆ ಇದೆ.’ ವ್ಯವಸ್ಥೆ ಎಂದರೆ ಕಾರ್ಯಾಲಯದ ಮಗ್ಗುಲಿನ ಖಾಲಿ ಜಾಗ. ನಮ್ಮ ಜಾಗ 30 ಮೀಟರ್ ಉದ್ದ, 20 ಮೀಟರ್ ಅಗಲ. ಒಂದು ಕಾರಿಗೆ ಅದು ನಿಲ್ಲುವ ಜಾಗ, ತಿರುಗುವ ಜಾಗ, ಬಾಗಿಲು ತೆರೆದು ಅಕ್ಕಾರು ಸೀರೆ ಸರಿಮಾಡಿಕೊಂಡು ಇಳಿಯುವ ಜಾಗ ಎಲ್ಲ ಸೇರಿ 25 ಚದರ ಮೀಟರ್ ಹಿಡಿಯಬೇಕು. ಆ ಲೆಕ್ಕಕ್ಕೆ 24 ಕಾರು. ಆದರೆ ಆ ಜಾಗದ ಮೂರನೇ ಒಂದು ಪಾಲು ಎರೆ ಮಣ್ಣು. ಎರೆ ಮಣ್ಣು ಮಳೆ ಬಿಟ್ಟ ಎರಡು ತಾಸಿಗೆ ಮೇಲೆ ತೆಳ್ಳಗೆ ಒಣಗಿ ಗಟ್ಟಿ ನೆಲದಂತೆ ಕಾಣುತ್ತದೆ. ಕಾರು ಬೆಳಿಗ್ಗೆ ಸುಮ್ಮನೆ ಹತ್ತಿ ನಿಲ್ಲುತ್ತದೆ. ಊಟವಾಗುವ ಹೊತ್ತಿಗೆ ತನ್ನ ಭಾರಕ್ಕೆ ಕೆಳಗಿಳಿದಿರುತ್ತದೆ. ಸಂಜೆ ಸ್ಟಾರ್ಟ್ ಮಾಡಿ ಗಾಲಿ ತಿರುಗಿಸಿದಷ್ಟೂ ಕುಣಿ ಆಳವಾಗುತ್ತದೆ, ಕೊನೆಗೆ ಯಾರದೋ ಟ್ರ್ಯಾಕ್ಟರು ಬರಬೇಕು. ಹಿಮ್ಮಡಿ ಊರಿ ಒತ್ತಿ ನೋಡಿದರೆ ಗೊತ್ತಾಗುತ್ತದೆ: ಒತ್ತಿದ ಗುರುತು ಮಿರಿಮಿರಿ ಮಿಂಚಿ, ಮಣ್ಣು ಚಪ್ಪಲಿಗೆ ಅಂಟಿ ಬಂದರೆ ಅಲ್ಲಿ ಗಾಡಿ ಬೇಡ. ಗರಸು ಹಾಕಿದ ಭಾಗದ ಅಂಚಿಗೆ ಸುಣ್ಣದ ಗೆರೆ ಎಳೆಸಿ, ಪತ್ರದಲ್ಲಿ ಬರೆದೆವು: ‘ಬಿಳಿ ಗೆರೆಯ ಆಚೆ ನೆಲ ಎಷ್ಟೇ ಒಣಗಿ ಕಂಡರೂ ಕಾರು ಒಯ್ಯಬೇಡಿ. ಮುಖ ರಸ್ತೆಯ ಕಡೆ ಮಾಡಿ ನಿಲ್ಲಿಸಿ.’ ಗೆರೆಯ ಈಚೆ ಉಳಿದದ್ದು 16 ಕಾರಿಗೆ. ಉಳಿದ ಕಾರುಗಳಿಗೆ ಹತ್ತಿರದ ಒಂದು ಗೋದಾಮಿನ ಅಂಗಳ ಕೇಳಿ ಪಡೆದೆವು. ಯಾರು ಎಲ್ಲಿ ಎಂಬುದನ್ನು ಬಂದ ಮೇಲೆ ಹೇಳಿದರೆ ಬಾಗಿಲಲ್ಲಿ ಜಟಾಪಟಿ ಆಗುತ್ತದೆ. ಅದಕ್ಕೆ ಪತ್ರದಲ್ಲೇ ಹೇಳಿದೆವು: ನಿಪ್ಪಾಣಿ ಕಡೆಯ ಕಾರು ಗೋದಾಮಿಗೆ, ನದಿ ಆಚೆಯಿಂದ ಬಂದವರದು ಕಾರ್ಯಾಲಯದ ಮಗ್ಗುಲಿಗೆ. ಅವರು ಕತ್ತಲಾಗುವ ಮೊದಲು ಸೇತುವೆ ದಾಟಬೇಕು, ಮೊದಲು ಹೊರಡುವವರು ಅವರೇ. ನಿಪ್ಪಾಣಿಯವರು ಇದಕ್ಕೆ ಏನೂ ಅನ್ನಲಿಲ್ಲ. ಕಾರಣ ಬರೆದಿದ್ದರಿಂದ ಅನ್ನಲಿಲ್ಲ ಎಂದು ನನ್ನ ಎಣಿಕೆ.

ಇನ್ನು ಉಳಿದದ್ದು ಹೊಸ ಖಾತ್ರಿ. ಇದರ ಬಗ್ಗೆಯೇ ನಮ್ಮಲ್ಲಿ ಹೆಚ್ಚು ಮಾತಾಯಿತು. ‘ಒಮ್ಮೆ ಬರತೇನಿ ಅಂದಾರಲ್ಲ, ಮತ್ತ ಯಾಕ ಕೇಳೂದು? ಹಿರ್ಯಾರಿಗೆ ಬ್ಯಾಸರ ಆಗತೈತಿ’ ಎಂದರು ಒಬ್ಬರು. ಆದರೆ ಜನ ಹೂಂ ಅನ್ನುವುದು ಕೂಟಕ್ಕೆ ಮಾತ್ರ ಅಲ್ಲ, ಒಂದು ಜಾಗಕ್ಕೂ ಅನ್ನುತ್ತಾರೆ. ಕಾಗವಾಡ ತಾಲೂಕಿಗೆ ಬರುತ್ತೇನೆ ಎಂದ ಅಥಣಿಯವರ ಮಾತಿನಲ್ಲಿ ನದಿ ಇರಲಿಲ್ಲ. ಈಗ ನಡುವೆ ನದಿ ಇದೆ. ಅವರ ಹಳೆಯ ಹೂಂ ಅನ್ನು ಎತ್ತಿಕೊಂಡು ಬಂದು ಚಿಕ್ಕೋಡಿಯಲ್ಲಿ ಎಲೆ ಹಾಕಿದರೆ ಹೋಳಿಗೆ ಉಳಿಯುತ್ತದೆ. ಇದರ ಮಗ್ಗುಲು ಬದಲಿಸಿ ನೋಡಿದರೆ ಇನ್ನೊಂದಿದೆ: ಮೊದಲು ‘ದೂರ ಆಗತೈತ್ರಿ, ಆಗೂದಿಲ್ಲ’ ಅಂದಿದ್ದ ನಿಪ್ಪಾಣಿಯವರಿಗೆ ಈಗ ಹತ್ತಿರ. ಹೀಗಾಗಿ ಒಪ್ಪಿದವರಿಗಷ್ಟೇ ಪತ್ರ ಹೋದರೆ ಸಾಲದು, ಒಲ್ಲೆ ಎಂದವರಿಗೂ ಹೋಗಬೇಕು. ಪಟ್ಟಿಯ 118 ಹೆಸರಿಗೂ ಕಳಿಸಿದೆವು. ಎಲ್ಲರ ವಿಳಾಸವನ್ನೂ ಬಿಸಿಸಿಯಲ್ಲಿ ಇಟ್ಟೆವು. ಇಲ್ಲದಿದ್ದರೆ ಒಬ್ಬರು ‘ಶುಭಾಶಯಗಳು’ ಎಂದು ಎಲ್ಲರಿಗೂ ಉತ್ತರಿಸಿ, ಅದಕ್ಕೆ ಇನ್ನೊಬ್ಬರು ಧನ್ಯವಾದ ಹೇಳಿ, ಸ್ಥಳ ಬದಲಾದ ಸುದ್ದಿ ಆ ಸೌಜನ್ಯದ ಕೆಳಗೆ ಹೂತುಹೋಗುತ್ತಿತ್ತು.

ಖಾತ್ರಿ ಕೇಳುವ ಬಗೆಯೂ ಮುಖ್ಯ. ಪುಣೆಯ ಹುಡುಗರು ಒಂದು ಫಾರ್ಮ್ ಮಾಡಿಕೊಟ್ಟರು. ಅದು ಪಾಸ್‌ವರ್ಡ್ ಕೇಳುತ್ತಿತ್ತು. ನಮ್ಮ ಮಾಸ್ತರರ ಪಾಸ್‌ವರ್ಡ್ ಮೊಮ್ಮಗನಿಗೆ ಗೊತ್ತು, ಮೊಮ್ಮಗ ಹುಬ್ಬಳ್ಳಿಯ ಹಾಸ್ಟೆಲಿನಲ್ಲಿ. ಫಾರ್ಮ್ ಬಿಟ್ಟು ಸಾದಾ ಉತ್ತರ ಕೇಳಿದೆವು. ಮೂರೇ ಸಂಗತಿ: ಎಷ್ಟು ಜನ, ಯಾವ ಊರಿಂದ, ಯಾವುದರಲ್ಲಿ. ಉದಾಹರಣೆಯನ್ನೂ ಕೊಟ್ಟೆವು: ‘2, ರಾಯಬಾಗ, ಕಾರು.’ ಬರದಿದ್ದರೆ ‘0’ ಎಂದು ಬರೆದರೂ ಸಾಕು. ಆ ಸೊನ್ನೆ ನಮಗೆ ಬಹಳ ಉಪಕಾರ ಮಾಡಿತು. ನಮ್ಮಲ್ಲಿ ಬರುವುದಿಲ್ಲ ಎಂದು ಅಕ್ಷರದಲ್ಲಿ ಬರೆಯಲು ಜನಕ್ಕೆ ಬಾಯಿ ಬರುವುದಿಲ್ಲ, ಕಾರಣ ಜೋಡಿಸುತ್ತಾ ಕೂತು ಉತ್ತರವನ್ನೇ ಬರೆಯದೆ ಬಿಡುತ್ತಾರೆ. ಸೊನ್ನೆ ಬರೆಯಲು ಕಾರಣ ಬೇಕಿಲ್ಲ.

ಕೊನೆಯ ಗಡುವು ಗುರುವಾರ ಸಂಜೆ 6. ಗಡುವನ್ನು ನಾವು ಠರಾಯಿಸಲಿಲ್ಲ, ಅಡಿಗೆಯವರು ಠರಾಯಿಸಿದರು. ಕಡಕ್ ರೊಟ್ಟಿ ಹೆಚ್ಚಾದರೆ ಯಾರಿಗೂ ಚಿಂತೆ ಇಲ್ಲ, ತಿಂಗಳು ಇಟ್ಟರೂ ಇರುತ್ತದೆ. ಶೇಂಗಾ ಹಿಂಡಿಯೂ ಇರುತ್ತದೆ. ಹೋಳಿಗೆಗೆ ಹಾಗಲ್ಲ. ಶುಕ್ರವಾರ ಕಿರಾಣಿ ತರಬೇಕು, ಕಿಲೋ ಕಡ್ಲಿಬ್ಯಾಳಿಗೆ ಕಿಲೋ ಬೆಲ್ಲ, ಶನಿವಾರ ರಾತ್ರಿ ಹೂರಣ ಅರೆಯಬೇಕು. ‘ಎಲಿ ಎಷ್ಟು ಹೇಳ್ರಿ, ಉಳಿದದ್ದು ನನಗ ಬಿಡ್ರಿ’ ಎಂದರು ಅವರು. ‘ಅಂದಾಜು’ ಎಂದರೆ ಅವರಿಗೆ ಸಿಟ್ಟು ಬರುತ್ತದೆ.

ಉತ್ತರ ಕೊಡದವರನ್ನು ಏನು ಮಾಡಬೇಕು? ‘ಉತ್ತರ ಬಾರದಿದ್ದರೆ ಬರುವುದಿಲ್ಲವೆಂದು ತಿಳಿಯಲಾಗುವುದು’ ಎಂಬ ಸರಕಾರಿ ಸಾಲನ್ನು ಅಧ್ಯಕ್ಷರು ಹೊಡೆದುಹಾಕಿದರು. ಸರಿಯಾಗಿಯೇ ಮಾಡಿದರು, ಕರೆದವರೇ ಹಾಗೆ ಬರೆದರೆ ಯಾರು ಬರುತ್ತಾರೆ. ಅದರ ಜಾಗಕ್ಕೆ ಬಂದದ್ದು ಇದು: ‘ಉತ್ತರ ಬಾರದವರಿಗೆ ಶುಕ್ರವಾರ ಫೋನು ಮಾಡುತ್ತೇವೆ. ಫೋನೂ ಹತ್ತದಿದ್ದರೆ ಎಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ, ಆದರೂ ಬಂದರೆ ರೊಟ್ಟಿ ಇದ್ದೇ ಇದೆ.’ ಹೋಳಿಗೆಯ ಬಗ್ಗೆ ಮಾತು ಕೊಡಲಿಲ್ಲ ಎಂಬುದನ್ನು ಸೂಕ್ಷ್ಮ ಓದುಗರು ಗಮನಿಸಿದರು.

ಗುರುವಾರ ಸಂಜೆಗೆ 63 ಉತ್ತರ ಬಂದವು: 49 ಮಂದಿ ಬರುತ್ತೇವೆ ಎಂದರು, 14 ಸೊನ್ನೆ. ಆರು ಮೇಲ್‌ಗಳು ತಲುಪದೆ ತಿರುಗಿ ಬಂದಿದ್ದವು. ತಿರುಗಿ ಬಂದ ಮೇಲಿನಲ್ಲಿ ಒಂದು ಸಂಖ್ಯೆ ಇರುತ್ತದೆ. 5ರಿಂದ ಶುರುವಾದರೆ ಆ ದಾರಿ ಮುಚ್ಚಿದ ಹಾಗೆ, ಹೆಚ್ಚಾಗಿ ವಿಳಾಸವೇ ತಪ್ಪಿರುತ್ತದೆ, ಮತ್ತೆ ಕಳಿಸಿ ಉಪಯೋಗವಿಲ್ಲ. 4ರಿಂದ ಶುರುವಾದರೆ ತಾತ್ಕಾಲಿಕ ಅಡ್ಡಿ, ಡಬ್ಬಿ ತುಂಬಿದ್ದು ಇತ್ಯಾದಿ, ಸರ್ವರು ತಾನೇ ಮತ್ತೆ ಪ್ರಯತ್ನಿಸುತ್ತದೆ. ನಾವು ಎರಡಕ್ಕೂ ಕಾಯದೆ ಫೋನು ಹಚ್ಚಿದೆವು. ಈ ಆರನ್ನೂ ಸೇರಿಸಿ ಉಳಿದ 55 ಜನರಲ್ಲಿ 40 ಮಂದಿ ಫೋನಿಗೆ ಸಿಕ್ಕರು. ಅವರಲ್ಲಿ ಎಷ್ಟೋ ಜನ ಮೇಲ್ ಓದಿದ್ದರು. ‘ಓದೀನ್ರಿ, ಬರೂದು ಗೊತ್ತೇ ಐತಲ್ಲ, ಮತ್ತೇನ ಬರೀಲಿ’ ಎಂದರು. ಇಂಥವರೂ ಸೇರಿ 24 ಹೂಂ ಬಂತು. ಮೊದಲ ಒಪ್ಪಿಗೆಯ ಪಟ್ಟಿಯ ಪಕ್ಕ ಇಟ್ಟು ನೋಡಿದರೆ ಅಥಣಿ ಕಡೆಯ ಹೆಸರು ಕಡಿಮೆಯಾಗಿ ನಿಪ್ಪಾಣಿ ಕಡೆಯದು ಹೆಚ್ಚಿತ್ತು. ಹಳೆಯ ಸಂಖ್ಯೆ ನಂಬಿದ್ದರೆ ಎಲೆಯ ಮೊತ್ತ ಹೆಚ್ಚೂಕಡಿಮೆ ಸರಿಯೇ ಬರುತ್ತಿತ್ತು, ಕಾರಿನ ಲೆಕ್ಕ ಪೂರ್ತಿ ತಪ್ಪುತ್ತಿತ್ತು. ಅಥಣಿಯವರು ಒಂದೇ ಕ್ರೂಸರ್ ಮಾಡಿಕೊಂಡು ಬರುವವರು, ನಿಪ್ಪಾಣಿಯವರು ಮನೆಗೊಂದು ಕಾರು.

ಶನಿವಾರ ರಾತ್ರಿಯ ಮೇಲ್ ಬರುತ್ತೇನೆಂದವರಿಗೆ ಮಾತ್ರ, ಊರಿನ ಪ್ರಕಾರ ಬೇರೆಬೇರೆ ಹೋಯಿತು. ಎರಡೇ ಸಾಲು. ಕಾಗವಾಡದವರಿಗೆ: ಮಾಂಜರಿ ದಾರಿ ಚಾಲೂ, ಕಲ್ಲೋಳ–ಯಡೂರ ಬಂದ್. ಅಥಣಿಯವರಿಗೆ: ದರೂರ ಚಾಲೂ. ನಿಪ್ಪಾಣಿಯವರಿಗೆ: ಹೆದ್ದಾರಿ ಚಾಲೂ, ಗೋದಾಮಿನ ಗೇಟು ಒಂಬತ್ತಕ್ಕೆ ತೆರೆಯುತ್ತದೆ. ಇದನ್ನು ಮರಾಠಿಯಲ್ಲೂ ಬರೆದು ಹಾಕಿದೆವು. ಬರುವವರಿಗೆ ಎರಡೂ ಬರುತ್ತದೆ, ಗಾಡಿ ಹೊಡೆಯುವ ಹುಡುಗನಿಗೆ ಒಮ್ಮೊಮ್ಮೆ ಒಂದೇ ಓದಲು ಬರುತ್ತದೆ. ಹಳೆಯ ಕಾರ್ಯಾಲಯ ಇದ್ದ ಊರಿನ ಫಾಟಾಕ್ಕೆ ಒಬ್ಬನನ್ನು ಕೊಡೆ ಕೊಟ್ಟು ನಿಲ್ಲಿಸಿದೆವು, ಮೇಲ್ ಓದದೆ ಬಂದವರನ್ನು ಅಲ್ಲಿಂದಲೇ ತಿರುಗಿಸಲು. ಹತ್ತು ಗಂಟೆಯೊಳಗೆ ಅವನಿಗೆ ಒಂದು ಕಾರು ಸಿಕ್ಕಿತು. ಅದರಲ್ಲಿದ್ದವರು ಕೂಟಕ್ಕೆ ಬಂದವರಲ್ಲ, ಕಾಳಜಿ ಕೇಂದ್ರಕ್ಕೆ ಚಾದರ ತಂದವರು.

ಲೆಕ್ಕಕ್ಕೆ ಸಿಗದೆ ಉಳಿದದ್ದು ಅಥಣಿಯ ಒಬ್ಬ ಹಿರಿಯ ಮಾಸ್ತರರ ಉತ್ತರ. ‘2, ಅಥಣಿ, ಕ್ರೂಸರ್. ದರೂರ ಪುಲಿನ ಮ್ಯಾಲ ನೀರು ಬಂದರ 0’ ಎಂದು ಬರೆದಿದ್ದರು. ಇದನ್ನು ಎಷ್ಟು ಎಲೆ ಎಂದು ಹಿಡಿಯುವುದೆಂದು ಅಡಿಗೆಯವರನ್ನು ಕೇಳಿದೆ. ‘ಮಾಸ್ತರ ಹಂಗ ಬರದಾರಂದರ ಬರತಾರ್ರಿ, ಎರಡ ಹಿಡೀರಿ’ ಎಂದು ಅವರು ಹೂರಣದ ಕಡೆ ತಿರುಗಿದರು.